ಕ್ರಾನ್ ಸಾಕಾ, ಟಾಸ್ಕ್ ಕ್ಯೂ ಬೇಕಾ? ಒಂದು ದಲಾಲಿ ಅಂಗಡಿಯ ಮೆಸೇಜ್ ಲೆಕ್ಕ

ನವೆಂಬರ್ ತಿಂಗಳ ಒಂದು ಸಂಜೆ. ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯೊಂದರಿಂದ ಗುಮಾಸ್ತರು ಫೋನ್ ಮಾಡಿದರು. ಜಗಳೂರು ಕಡೆಯ ರೈತರೊಬ್ಬರು ಅಂಗಡಿಗೆ ಫೋನ್ ಮಾಡಿ ಕೇಳಿದ್ದರಂತೆ: "ಒಂದೇ ಲೋಡ್ ಮೆಕ್ಕೆಜೋಳಕ್ಕೆ ಮೂರು ಸಲ ಲೆಕ್ಕ ಬಂದೈತಲ್ರೀ, ಮೂರು ಸಲ ದುಡ್ಡು ಕೊಡ್ತೀರಾ?" ಗುಮಾಸ್ತರಿಗೆ ನಗು ಬಂದಿತ್ತು. ನನಗೆ ಬರಲಿಲ್ಲ. ಆ ಮೆಸೇಜ್ ಕಳಿಸುವ ಸ್ಕ್ರಿಪ್ಟ್ ಬರೆದವನು ನಾನೇ.

ಅದು ಕ್ರಾನ್‌ನಲ್ಲಿ ಓಡುತ್ತಿದ್ದ ಕೆಲಸ. ಕ್ರಾನ್ ಅಂದರೆ ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಪ್ರೋಗ್ರಾಂ. ಅಂಗಡಿಗೆ ಬಂದ ಮಾಲಿನ ತೂಕ, ದರ, ಹಮಾಲಿ, ಕಡಿತ ಎಲ್ಲ ಸೇರಿಸಿ ಒಂದು ಲೆಕ್ಕದ ಚೀಟಿ ಮಾಡಬೇಕು. ಅದರ ಪಿಡಿಎಫ್ ಲಿಂಕನ್ನು ರೈತನ ಮೊಬೈಲ್‌ಗೆ ಎಸ್‌ಎಂಎಸ್ ಮಾಡಬೇಕು. ಅಷ್ಟೇ. ಈ ಒಂದು ಕೆಲಸವನ್ನು ಕ್ರಾನ್‌ನಿಂದ ಶುರು ಮಾಡಿ, ತೇಪೆ ಹಾಕುತ್ತಾ ಹೋಗಿ, ಕೊನೆಗೆ ಕ್ಯೂಗೆ ತಂದು ನಿಲ್ಲಿಸಿದೆವು. ಯಾವ ಹಂತದಲ್ಲಿ ಕ್ರಾನ್ ಸಾಕು, ಯಾವ ಹಂತದಲ್ಲಿ ಸಾಲದು ಅನ್ನೋದನ್ನು ಈ ಕೆಲಸವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಎರಡೂ ಏನು ಕೇಳುತ್ತವೆ?

ಕ್ರಾನ್ ಹಳೆಯ ಕಾಲದ್ದು. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲೇ ಇತ್ತು. ಅದಕ್ಕೆ ಗೊತ್ತಿರೋದು ಗಡಿಯಾರ ಒಂದೇ. ಈ ಹೊತ್ತಾಯಿತಾ? ಆಯಿತು. ಹಾಗಾದರೆ ಈ ಕಮಾಂಡ್ ಓಡಿಸು. ಹಿಂದಿನ ಸಲ ಓಡಿಸಿದ್ದು ಮುಗಿಯಿತಾ, ಸೋತಿತಾ, ಇನ್ನೂ ಓಡುತ್ತಾ ಇದೆಯಾ ಅಂತ ಅದು ನೋಡುವುದೇ ಇಲ್ಲ.

ಟಾಸ್ಕ್ ಕ್ಯೂಗೆ ಗಡಿಯಾರ ಮುಖ್ಯವಲ್ಲ, ಸಾಲು ಮುಖ್ಯ. ವೇಬ್ರಿಡ್ಜ್ ಮುಂದೆ ಟ್ರ್ಯಾಕ್ಟರ್ ನಿಂತ ಹಾಗೆ ಒಂದೊಂದು ಕೆಲಸವೂ ಸಾಲಿನಲ್ಲಿ ನಿಲ್ಲುತ್ತದೆ. ವರ್ಕರ್ ಅನ್ನುವ ಪ್ರೋಗ್ರಾಂ ಸದಾ ಎಚ್ಚರವಾಗಿದ್ದು ಒಂದೊಂದನ್ನೇ ಎತ್ತಿಕೊಳ್ಳುತ್ತದೆ. ಒಂದು ಕೆಟ್ಟರೆ ಅದನ್ನು ಪಕ್ಕಕ್ಕೆ ನಿಲ್ಲಿಸಿ ಮುಂದಿನದಕ್ಕೆ ಹೋಗುತ್ತದೆ. ಸಾಲು ಉದ್ದವಾದರೆ ಇನ್ನೊಂದು ವರ್ಕರ್ ನಿಲ್ಲಿಸಬಹುದು.

ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ "ಎಷ್ಟು ಕೆಲಸ ಇದೆ" ಅಂತ ಅಲ್ಲ. ಈ ಕೆಲಸ ಶುರುವಾಗಲು ಕಾರಣ ಹೊತ್ತೋ, ಯಾರೋ ಮಾಡಿದ ಒಂದು ಕ್ರಿಯೆಯೋ? ರಾತ್ರಿ ಎರಡೂವರೆಗೆ ಡೇಟಾಬೇಸ್ ಬ್ಯಾಕಪ್ ಆಗಬೇಕು ಅಂದರೆ ಕಾರಣ ಹೊತ್ತು. ಗುಮಾಸ್ತರು ಚೀಟಿ ಫೈನಲ್ ಮಾಡಿದ ಕೂಡಲೇ ಮೆಸೇಜ್ ಹೋಗಬೇಕು ಅಂದರೆ ಕಾರಣ ಗುಮಾಸ್ತರು. ಎರಡನೇ ಪ್ರಶ್ನೆ: ಕೆಲಸ ಒಂದು ಇಡೀ ಗಂಟೋ, ಬಿಡಿ ಬಿಡಿ ತುಂಡುಗಳೋ? ಬ್ಯಾಕಪ್ ಅರ್ಧ ಆದರೆ ಆಗಿಲ್ಲ ಅಂತಲೇ ಲೆಕ್ಕ. 600 ಮೆಸೇಜ್‌ನಲ್ಲಿ 599 ಹೋಗಿ ಒಂದು ನಿಂತರೆ, ಆ ಒಂದಕ್ಕಾಗಿ ಉಳಿದವರನ್ನು ಕಾಯಿಸಬಾರದು.

ಬ್ಯಾಕಪ್ ಕ್ರಾನ್‌ನಲ್ಲೇ ಇರಲಿ

ಕ್ಯೂ ಕಲಿತ ಹೊಸದರಲ್ಲಿ ಬ್ಯಾಕಪ್ಪನ್ನೂ ಅದಕ್ಕೆ ಹಾಕುವ ಆಸೆ ಬರುತ್ತದೆ. ನನಗೂ ಬಂದಿತ್ತು. ಬೇಡ. ರಾತ್ರಿ ಒಂದು ಸಲ ಓಡುವ ಕೆಲಸಕ್ಕೆ ಇಪ್ಪತ್ನಾಲ್ಕು ಗಂಟೆ ಎಚ್ಚರವಾಗಿರುವ ಇನ್ನೊಂದು ಪ್ರೋಗ್ರಾಂ ಸಾಕುವುದು ದಂಡ. `crontab -e` ಅಂತ ಹೊಡೆದು ಒಂದು ಸಾಲು ಬರೆದರೆ ಆಯಿತು:

```
30 2 * * * /home/mandi/bin/backup.sh >> /home/mandi/log/backup.log 2>&1
```

ನಿಮಿಷ, ಗಂಟೆ, ತಾರೀಕು, ತಿಂಗಳು, ವಾರದ ದಿನ. ಆಮೇಲೆ ಕಮಾಂಡ್. ಇದರಲ್ಲಿ ಎಲ್ಲರೂ ಎಡವುವ ಜಾಗಗಳಿವೆ. ನಾನು ಎಡವಿದ ಮೂರನ್ನು ಹೇಳುತ್ತೇನೆ.

ಮೊದಲನೆಯದು, ಕೈಯಲ್ಲಿ ಓಡಿಸಿದರೆ ಓಡುತ್ತದೆ, ಕ್ರಾನ್‌ನಲ್ಲಿ ಓಡುವುದಿಲ್ಲ. ನಾವು ಲಾಗಿನ್ ಆದಾಗ ಸಿಗುವ ಪರಿಸರವೇ ಬೇರೆ, ಕ್ರಾನ್ ಕೊಡುವುದೇ ಬೇರೆ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಕ್ರಾನ್ ಕೊಡುವ `PATH` ಬರೀ `/usr/bin:/bin`. ಶೆಲ್ ಕೂಡ ಬ್ಯಾಷ್ ಅಲ್ಲ, `/bin/sh`. ನಿಮ್ಮ ಪೈಥಾನ್ ಬೇರೆ ಕಡೆ ಇದ್ದರೆ ಅದಕ್ಕೆ ಸಿಗುವುದಿಲ್ಲ. ಆದ್ದರಿಂದ ಪೂರ್ತಿ ದಾರಿ ಬರೆಯಿರಿ. ಕ್ರಾನ್ ಸಾಲಿನಲ್ಲೇ ಉದ್ದುದ್ದ ಕಮಾಂಡ್ ಬರೆಯದೆ ಒಂದು ಸ್ಕ್ರಿಪ್ಟ್ ಫೈಲ್ ಮಾಡಿಟ್ಟು ಅದನ್ನು ಕರೆಯಿರಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಕ್ರಾನ್ ಸಾಲಿನಲ್ಲಿ `%` ಬಂದರೆ ಅದನ್ನು ಹೊಸ ಸಾಲು ಅಂತ ತಿಳಿದುಕೊಳ್ಳುತ್ತದೆ. ಫೈಲಿನ ಹೆಸರಿಗೆ ತಾರೀಕು ಸೇರಿಸಲು ಸುಮ್ನೆ `date +%F` ಬರೆದರೆ ಕಮಾಂಡ್ ಅಲ್ಲಿಗೇ ತುಂಡಾಗುತ್ತದೆ. `date +\%F` ಅಂತ ಬರೆಯಬೇಕು. ಸ್ಕ್ರಿಪ್ಟ್ ಫೈಲ್ ಒಳಗಾದರೆ ಈ ತಲೆನೋವಿಲ್ಲ.

ಎರಡನೆಯದು ಹೊತ್ತು. ಬಾಡಿಗೆ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿ ಎಂಟಕ್ಕೆ ಬೇಕು ಅಂದರೆ `30 14` ಅಂತ ಬರೆಯಬೇಕು. ದಿನಾ ಓಡುವ ಕೆಲಸಕ್ಕೆ ಇಷ್ಟು ಲೆಕ್ಕ ಹಾಕಿದರೆ ಸಾಕು. ತಿಂಗಳ ಲೆಕ್ಕ ಬಂದಾಗ ಸಿಕ್ಕು. ಒಂದನೇ ತಾರೀಕು ಬೆಳಗಿನ ಜಾವ ಒಂದು ಗಂಟೆ ಅಂದರೆ ಯುಟಿಸಿಯಲ್ಲಿ ಹಿಂದಿನ ದಿನ 19:30. ಅಂದರೆ ಹಿಂದಿನ ತಿಂಗಳ ಕೊನೆಯ ದಿನ. ಅದು 28 ಇರಬಹುದು, 31 ಇರಬಹುದು. "ತಿಂಗಳ ಕೊನೆ ದಿನ" ಅಂತ ಬರೆಯಲು ಈ ಐದು ಅಂಕಣಗಳಲ್ಲಿ ದಾರಿಯೇ ಇಲ್ಲ. ಸರ್ವರ್ ನಿಮ್ಮದೊಬ್ಬರದೇ ಆಗಿದ್ದು, ಗಿರಾಕಿಗಳೆಲ್ಲ ಇಲ್ಲಿಯವರೇ ಆಗಿದ್ದರೆ `timedatectl set-timezone Asia/Kolkata` ಕೊಟ್ಟು, ಕ್ರಾನ್ ಸರ್ವಿಸ್ ಒಮ್ಮೆ ರೀಸ್ಟಾರ್ಟ್ ಮಾಡಿಬಿಡಿ. ನಮ್ಮಲ್ಲಿ ಬೇಸಿಗೆಗೊಮ್ಮೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ಹಾಗಾಗಿ ಇದರಿಂದ ತೊಂದರೆ ಕಡಿಮೆ.

ಮೂರನೆಯದು ಮೌನ. ಕ್ರಾನ್ ಕೆಲಸ ಸೋತರೆ ಯಾರಿಗೂ ಗೊತ್ತಾಗುವುದಿಲ್ಲ. ಮೇಲಿನ ಸಾಲಿನ ಹಾಗೆ ಲಾಗ್ ಫೈಲಿಗೆ ತಿರುಗಿಸದಿದ್ದರೆ, ಮೂಲದಲ್ಲಿ ಅದು ಸ್ಕ್ರಿಪ್ಟ್ ಹೇಳಿದ್ದನ್ನೆಲ್ಲ ಮೇಲ್ ಮಾಡುತ್ತದೆ. ಆದರೆ ಸಣ್ಣ ಸರ್ವರ್‌ಗಳಲ್ಲಿ ಮೇಲ್ ಕಳಿಸುವ ವ್ಯವಸ್ಥೆಯನ್ನೇ ಹಾಕಿರುವುದಿಲ್ಲ. ಆಗ ಲಾಗ್‌ನಲ್ಲಿ `No MTA installed, discarding output` ಅನ್ನುವ ಸಾಲು ಸಿಗುತ್ತದೆ. ಸ್ಕ್ರಿಪ್ಟ್ ಕೂಗಿಕೊಂಡಿತ್ತು, ಕೇಳುವವರು ಇರಲಿಲ್ಲ ಅಂತ ಅದರ ಅರ್ಥ. ಬ್ಯಾಕಪ್ ವಿಷಯದಲ್ಲಿ ನಾವು ಮಾಡಿದ್ದು ಹೀಗೆ: ಸ್ಕ್ರಿಪ್ಟ್ ಕೊನೆಯವರೆಗೂ ಸರಿಯಾಗಿ ಮುಗಿದರೆ ಮಾತ್ರ ಒಂದು ಫೈಲಿಗೆ ಆ ಹೊತ್ತನ್ನು ಬರೆಯುತ್ತದೆ. ಆಫೀಸಿನ ಇನ್ನೊಂದು ಕಂಪ್ಯೂಟರ್ ಬೆಳಿಗ್ಗೆ ಆ ಹೊತ್ತನ್ನು ಓದುತ್ತದೆ. 26 ಗಂಟೆಗಿಂತ ಹಳೆಯದಾಗಿದ್ದರೆ ನನ್ನ ಫೋನ್ ಹೊಡೆದುಕೊಳ್ಳುತ್ತದೆ. ನೋಡುವ ಯಂತ್ರ ಬೇರೆಯೇ ಇರಬೇಕು. ಸರ್ವರ್ರೇ ಮಲಗಿದರೆ ಅದರೊಳಗಿನ ಕಾವಲುಗಾರನೂ ಮಲಗಿರುತ್ತಾನೆ, ಅಲ್ವಾ?

ಇನ್ನೊಂದು ಸಣ್ಣ ಮಾತು. ಸರ್ವರ್ ಅಂಗಡಿಯೊಳಗಿನ ಕಂಪ್ಯೂಟರ್ರೇ ಆಗಿದ್ದರೆ ಕರೆಂಟ್ ಹೋದಾಗ ತಪ್ಪಿದ ಕೆಲಸವನ್ನು ಕ್ರಾನ್ ಆಮೇಲೆ ಮಾಡುವುದಿಲ್ಲ. ಎರಡೂವರೆಗೆ ಮಷಿನ್ ಆಫ್ ಇದ್ದರೆ ಆ ದಿನದ ಬ್ಯಾಕಪ್ ಹೋಯಿತು. ಅಂಥ ಕಡೆ ಕ್ರಾನ್ ಬದಲು ಸಿಸ್ಟಮ್‌ಡಿ ಟೈಮರ್ ಹಾಕಿ `Persistent=true` ಕೊಟ್ಟರೆ, ಮಷಿನ್ ಎದ್ದ ಮೇಲೆ ತಪ್ಪಿದ್ದನ್ನು ಒಮ್ಮೆ ಓಡಿಸುತ್ತದೆ.

ಮೂರು ಮೆಸೇಜ್ ಹೋಗಿದ್ದು ಹೇಗೆ

ಈಗ ಆ ಸಂಜೆಗೆ ಬರೋಣ. ಮೊದಲ ವ್ಯವಸ್ಥೆ ಹೀಗಿತ್ತು. ದಿನದ ವ್ಯಾಪಾರ ಮುಗಿದ ಮೇಲೆ ಗುಮಾಸ್ತರು ಎಲ್ಲ ಚೀಟಿಗಳನ್ನೂ ಒಟ್ಟಿಗೆ ಫೈನಲ್ ಮಾಡುತ್ತಿದ್ದರು. ಕ್ರಾನ್ ಅರ್ಧ ಗಂಟೆಗೊಮ್ಮೆ ಎದ್ದು, ಕಳಿಸದ ಚೀಟಿಗಳನ್ನೆಲ್ಲ ಎತ್ತಿಕೊಂಡು, ಒಂದೊಂದಾಗಿ ಪಿಡಿಎಫ್ ಮಾಡಿ ಮೆಸೇಜ್ ಕಳಿಸುತ್ತಿತ್ತು. ಪಿಡಿಎಫ್‌ಗೆ ಮೂರು ಸೆಕೆಂಡ್, ಮೆಸೇಜ್ ಗೇಟ್‌ವೇ ಉತ್ತರ ಕೊಡಲು ಎರಡು ಸೆಕೆಂಡ್. ಒಂದು ಚೀಟಿಗೆ ಐದು ಸೆಕೆಂಡ್.

ಬೇಸಿಗೆಯಲ್ಲಿ ದಿನಕ್ಕೆ 100 ಚೀಟಿ. 500 ಸೆಕೆಂಡ್, ಅಂದರೆ ಎಂಟು ನಿಮಿಷ ಚಿಲ್ಲರೆ. ಅರ್ಧ ಗಂಟೆಯಲ್ಲಿ ಆರಾಮಾಗಿ ಮುಗಿಯುತ್ತಿತ್ತು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಮೆಕ್ಕೆಜೋಳದ ಸುಗ್ಗಿ ಬಂತು. ಒಂದೇ ದಿನ 600 ಚೀಟಿ. 3,000 ಸೆಕೆಂಡ್, ಅಂದರೆ 50 ನಿಮಿಷ. ಆದರೆ ಕ್ರಾನ್‌ಗೆ ಗೊತ್ತಿರೋದು ಅರ್ಧ ಗಂಟೆ ಮಾತ್ರ. 30ನೇ ನಿಮಿಷಕ್ಕೆ ಎರಡನೇ ಪ್ರತಿ ಶುರುವಾಯಿತು. ಮೊದಲನೆಯದು ಆಗ ಸುಮಾರು 360ನೇ ಚೀಟಿಯಲ್ಲಿತ್ತು.

ಇಷ್ಟೇ ಆಗಿದ್ದರೆ ಸ್ವಲ್ಪ ಉಳಿಯುತ್ತಿತ್ತು. ನನ್ನ ಸ್ಕ್ರಿಪ್ಟ್‌ನಲ್ಲಿ ಇನ್ನೊಂದು ಎಡವಟ್ಟಿತ್ತು. "ಕಳಿಸಿದೆ" ಅನ್ನುವ ಗುರುತನ್ನು ಎಲ್ಲ ಮುಗಿದ ಮೇಲೆ ಒಟ್ಟಿಗೆ ಹಾಕುತ್ತಿತ್ತು. ಹಾಗಾಗಿ ಎರಡನೇ ಪ್ರತಿಯ ಕಣ್ಣಿಗೆ 600 ಚೀಟಿಯೂ ಕಳಿಸದವೇ. ಅದು ಮೊದಲಿಂದ ಶುರು ಮಾಡಿತು. ಎರಡು ಪ್ರತಿ ಒಟ್ಟಿಗೆ ಓಡಿದ್ದರಿಂದ ಎರಡೂ ನಿಧಾನವಾದವು. 60ನೇ ನಿಮಿಷಕ್ಕೂ ಮೊದಲನೆಯದು ಮುಗಿದಿರಲಿಲ್ಲ, ಮೂರನೆಯದು ಎದ್ದಿತು. ಪಟ್ಟಿಯ ಮೇಲ್ಗಡೆ ಹೆಸರಿದ್ದವರಿಗೆಲ್ಲ ಮೂರು ಮೆಸೇಜ್.

ಇದು ನಿಮ್ಮಲ್ಲೂ ಆಗುತ್ತಿದೆಯಾ ಅಂತ ನೋಡುವುದು ಸುಲಭ. `pgrep -af sms` ಕೊಟ್ಟಾಗ `sh -c` ಇರುವ ಸಾಲು ಬಿಟ್ಟು ಒಂದೇ ಸ್ಕ್ರಿಪ್ಟ್ ಎರಡು ಸಲ ಕಂಡರೆ ಆಗುತ್ತಿದೆ ಅಂತ ಅರ್ಥ.

ಇಷ್ಟಕ್ಕೇ ಕ್ಯೂಗೆ ಓಡಬೇಕಾಗಿಲ್ಲ. ಎರಡು ರಿಪೇರಿ ಸಾಕು. ಒಂದು, ಪ್ರತಿ ಮೆಸೇಜ್ ಹೋದ ಕೂಡಲೇ ಆ ಸಾಲಿಗೆ ಗುರುತು ಹಾಕುವುದು. ಎರಡು, ಬೀಗ:

```
*/5 * * * * flock -n /home/mandi/run/sms.lock timeout 90m /home/mandi/bin/sms.sh >> /home/mandi/log/sms.log 2>&1
```

`flock -n` ಅಂದರೆ ಬೀಗ ಸಿಕ್ಕರೆ ಒಳಗೆ ಹೋಗು, ಇಲ್ಲದಿದ್ದರೆ ಕಾಯದೆ ವಾಪಸ್ ಹೋಗು. ಹಿಂದಿನದು ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ. ಹಾಗಾಗಿ ಅರ್ಧ ಗಂಟೆಯ ಬದಲು ಐದು ನಿಮಿಷಕ್ಕೊಮ್ಮೆ ಎಬ್ಬಿಸಿದರೂ ತೊಂದರೆಯಿಲ್ಲ. ಸ್ಕ್ರಿಪ್ಟ್ ಸತ್ತರೆ ಬೀಗ ತಾನೇ ಬಿಡುತ್ತದೆ, ಲಾಕ್ ಫೈಲ್ ಅಳಿಸುವ ಗೋಜಿಲ್ಲ. ಕೆಲವರು `if` ಹಾಕಿ ಫೈಲ್ ಇದೆಯಾ ಇಲ್ಲವಾ ನೋಡುವ ಬೀಗ ಬರೆಯುತ್ತಾರೆ. ಸ್ಕ್ರಿಪ್ಟ್ ಮಧ್ಯದಲ್ಲಿ ಸತ್ತರೆ ಫೈಲ್ ಅಲ್ಲೇ ಉಳಿದು, ಆಮೇಲೆ ಯಾವತ್ತೂ ಓಡುವುದಿಲ್ಲ. `flock` ಇರುವಾಗ ಅದು ಬೇಡ. `timeout` ಯಾಕೆ ಅಂದರೆ, ಗೇಟ್‌ವೇ ಉತ್ತರ ಕೊಡದೆ ಸ್ಕ್ರಿಪ್ಟ್ ಹಾಗೇ ನಿಂತುಬಿಟ್ಟರೆ ಬೀಗ ಅದರ ಕೈಯಲ್ಲೇ ಇರುತ್ತದೆ. ಉಳಿದವೆಲ್ಲ ಬಂದು ಬಂದು ಬಾಗಿಲಿಂದಲೇ ವಾಪಸ್. ಬೀಗ ಹಾಕಿದವರು `timeout` ಮರೆಯಬಾರದು. 50 ನಿಮಿಷದ ಕೆಲಸಕ್ಕೆ 90 ನಿಮಿಷ ಕೊಟ್ಟಿದ್ದೇವೆ.

ಈ ಬೀಗದ ಜೊತೆ ನಾವು ಆ ಸುಗ್ಗಿ ಪೂರ್ತಿ ಕಳೆದೆವು. ನಿಮ್ಮ ಕೆಲಸ ಇಷ್ಟೇ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ ಬೆಣ್ಣೆ ದೋಸೆ ತಿನ್ನಲು ಹೋಗಬಹುದು.

ಒಂಬತ್ತು ಅಂಕಿಯ ನಂಬರ್

ಮುಂದಿನ ಪೆಟ್ಟು ಬೇರೆ ಥರ ಬಂತು. ಒಂದು ದಿನ ಮೊದಲ 40 ಜನಕ್ಕೆ ಮೆಸೇಜ್ ಹೋಗಿ ಉಳಿದವರಿಗೆ ಹೋಗಲೇ ಇಲ್ಲ. ಲಾಗ್ ನೋಡಿದರೆ ಐದೈದು ನಿಮಿಷಕ್ಕೂ ಅದೇ ಎರರ್. ಯಾರೋ ಒಬ್ಬರ ಮೊಬೈಲ್ ನಂಬರ್ ಒಂಬತ್ತೇ ಅಂಕಿ. ಗೇಟ್‌ವೇ ತಿರಸ್ಕರಿಸಿತು, ಸ್ಕ್ರಿಪ್ಟ್ ಬಿದ್ದಿತು. ಐದು ನಿಮಿಷ ಬಿಟ್ಟು ಮತ್ತೆ ಎದ್ದಿತು. ಕಳಿಸದವರಲ್ಲಿ ಮೊದಲನೆಯವರು ಯಾರು? ಅದೇ ಒಂಬತ್ತು ಅಂಕಿಯವರು. ಮತ್ತೆ ಬಿದ್ದಿತು. ಹಿಂದಿದ್ದ ನೂರಾರು ಜನ ಒಬ್ಬರಿಗಾಗಿ ನಿಂತಿದ್ದರು.

ಸರಿ, ಪ್ರತಿ ಸಾಲಿಗೂ ಎರರ್ ಹಿಡಿಯುವ ಕೋಡ್ ಹಾಕಿದೆ. ಆಗ ಇನ್ನೊಂದು ಪ್ರಶ್ನೆ ಬಂತು. ಕೆಟ್ಟ ಸಾಲನ್ನು ಮತ್ತೆ ಎಷ್ಟು ಸಲ ಪ್ರಯತ್ನಿಸಬೇಕು? ನಂಬರ್ ತಪ್ಪಿದ್ದರೆ ಸಾವಿರ ಸಲ ಮಾಡಿದರೂ ಹೋಗದು. ಗೇಟ್‌ವೇ ಐದು ನಿಮಿಷ ಮಲಗಿದ್ದರೆ ಮತ್ತೊಮ್ಮೆ ಮಾಡಿದರೆ ಹೋಗುತ್ತದೆ. ಹಾಗಾಗಿ ಟೇಬಲ್‌ಗೆ `tries` ಅಂತ ಒಂದು ಅಂಕಣ ಸೇರಿಸಿದೆ. ಆಮೇಲೆ `next_try`: ಸೋತ ಮೇಲೆ ಮೊದಲು 1 ನಿಮಿಷ, ಆಮೇಲೆ 5, ಆಮೇಲೆ 30 ನಿಮಿಷ ಬಿಟ್ಟು ಪ್ರಯತ್ನ. ಅದೂ ಸೋತರೆ, ಅಂದರೆ ನಾಲ್ಕು ಸಲ ಆದ ಮೇಲೆ `status` ಅನ್ನು `failed` ಮಾಡಿ ಗುಮಾಸ್ತರ ಪರದೆಯಲ್ಲಿ ಕೆಂಪಗೆ ತೋರಿಸುವುದು. ಅವರು ನಂಬರ್ ಸರಿ ಮಾಡಿ ಮತ್ತೆ ಕಳಿಸಬಹುದು.

ಆ ಅಂಕಣಗಳನ್ನು ಒಂದು ದಿನ ಸುಮ್ನೆ ನೋಡುತ್ತಾ ಕುಳಿತಿದ್ದಾಗ ಗೊತ್ತಾಯಿತು, ನಾನು ಕೈಯಾರೆ ಒಂದು ಟಾಸ್ಕ್ ಕ್ಯೂ ಕಟ್ಟುತ್ತಿದ್ದೇನೆ ಅಂತ. ನಿಮಗೂ ಇದೇ ಗುರುತು. ಕ್ರಾನ್ ಸ್ಕ್ರಿಪ್ಟ್‌ಗೆ "ಎಷ್ಟನೇ ಪ್ರಯತ್ನ", "ಮುಂದಿನ ಪ್ರಯತ್ನ ಯಾವಾಗ", "ಯಾರು ಎತ್ತಿಕೊಂಡಿದ್ದಾರೆ" ಅನ್ನುವ ಅಂಕಣಗಳು ಒಂದೊಂದಾಗಿ ಬರತೊಡಗಿದರೆ, ಕೆಲಸ ಗಡಿಯಾರದ್ದಾಗಿ ಉಳಿದಿಲ್ಲ.

ಅದೇ ಹೊತ್ತಿಗೆ ಅಂಗಡಿ ಮಾಲೀಕರು ಹೊಸ ಬೇಡಿಕೆ ಇಟ್ಟರು. "ಸಂಜೆ ಮೆಸೇಜ್ ಬಂದ್ರೆ ಏನ್ ಉಪಯೋಗ ರೀ? ರೈತ ಕೌಂಟರ್ ಬಿಡೋದ್ರೊಳಗೆ ಅವನ ಮೊಬೈಲ್ ಕುಯ್ಯ್ ಅನ್ಬೇಕು." ಲೆಕ್ಕದಲ್ಲಿ ತಕರಾರಿದ್ದರೆ ಅಲ್ಲೇ ಬಗೆಹರಿಯುತ್ತದೆ ಅನ್ನುವುದು ಅವರ ವಿಚಾರ. ನ್ಯಾಯವಾದದ್ದೇ. ಆದರೆ ಕ್ರಾನ್ ನಿಮಿಷಕ್ಕಿಂತ ಸಣ್ಣ ಹೆಜ್ಜೆ ಇಡುವುದಿಲ್ಲ. ಇನ್ನೊಂದು ಕಡೆ, ಗುಮಾಸ್ತರು ಫೈನಲ್ ಒತ್ತಿದಾಗ ವೆಬ್ ಪೇಜೇ ಪಿಡಿಎಫ್ ಮಾಡಿ ಮೆಸೇಜ್ ಕಳಿಸಿದರೆ ಒಂದೊಂದು ಚೀಟಿಗೂ ಐದು ಸೆಕೆಂಡ್ ಪರದೆ ಸುತ್ತುತ್ತಾ ಕೂರುತ್ತದೆ. ಮುಂದೆ ಜನ ನಿಂತಿರುವಾಗ ಅದು ಆಗದ ಮಾತು.

ಡೇಟಾಬೇಸೇ ಕ್ಯೂ ಆದಾಗ

ಇಲ್ಲಿ ಎರಡು ದಾರಿ ಇದ್ದವು. ಸೆಲೆರಿಯಂಥ ತಯಾರಾದ ಕ್ಯೂ ಹಾಕಿ, ಅದರ ಕೆಳಗೆ ಸಾಲನ್ನು ಇಟ್ಟುಕೊಳ್ಳಲು ರೆಡಿಸ್ ಓಡಿಸುವುದು ಒಂದು. ಈಗಾಗಲೇ ಇರುವ ಪೋಸ್ಟ್‌ಗ್ರೆಸ್ ಟೇಬಲ್ಲನ್ನೇ ಸಾಲಾಗಿ ಬಳಸಿ, ವರ್ಕರ್ ನಾವೇ ಬರೆಯುವುದು ಇನ್ನೊಂದು. ನಾವು ಎರಡನೆಯದನ್ನು ಹಿಡಿದೆವು. ಕಾರಣ ಸರಳ. ಸರ್ವರ್ ಒಂದೇ, ಅದಕ್ಕೆ 2 ಜಿಬಿ ಮೆಮೊರಿ. ಕೆಲಸದ ಬಗೆ ಒಂದೇ. ಅಂಕಣಗಳು ಹೇಗೂ ತಯಾರಿದ್ದವು.

ವರ್ಕರ್ ಒಂದು ಸಣ್ಣ ಲೂಪ್. ಒಂದು ಚೀಟಿ ಎತ್ತಿಕೋ, ಮಾಡು, ಗುರುತು ಹಾಕು. ಏನೂ ಇಲ್ಲದಿದ್ದರೆ ಒಂದು ಸೆಕೆಂಡ್ ಮಲಗು. ಜೀವಾಳ ಇರುವುದು ಎತ್ತಿಕೊಳ್ಳುವ ಕ್ವೆರಿಯಲ್ಲಿ:

```
UPDATE slips
SET status='working', tries=tries+1, taken_at=now()
WHERE id = (
  SELECT id FROM slips
  WHERE status='pending' AND next_try <= now()
  ORDER BY id
  LIMIT 1
  FOR UPDATE SKIP LOCKED)
RETURNING id;
```

`SKIP LOCKED` ಪೋಸ್ಟ್‌ಗ್ರೆಸ್ 9.5ರಿಂದ ಇದೆ. ಮೈಎಸ್‌ಕ್ಯೂಎಲ್‌ನಲ್ಲಾದರೆ 8.0 ಬೇಕು. ಇನ್ನೊಬ್ಬರು ಕೈ ಹಾಕಿರುವ ಸಾಲನ್ನು ಬಿಟ್ಟು ಮುಂದಿನದನ್ನು ಕೊಡು ಅಂತ ಅದರ ಅರ್ಥ. ಹಾಗಾಗಿ ಎರಡು ವರ್ಕರ್ ಒಂದೇ ಚೀಟಿಗೆ ಜಗಳ ಆಡುವುದಿಲ್ಲ, ಒಬ್ಬರಿಗಾಗಿ ಇನ್ನೊಬ್ಬರು ಕಾಯುವುದೂ ಇಲ್ಲ. ಸೆಕೆಂಡಿಗೊಮ್ಮೆ ಡೇಟಾಬೇಸ್ ಕೇಳುತ್ತಾ ಇದ್ದರೆ ಭಾರ ಆಗಲ್ವಾ ಅಂತ ಕೇಳುವವರಿದ್ದಾರೆ. `status` ಮತ್ತು `next_try` ಮೇಲೆ ಇಂಡೆಕ್ಸ್ ಇದ್ದರೆ ಈ ಗಾತ್ರದಲ್ಲಿ ಅದು ಲೆಕ್ಕಕ್ಕೇ ಇಲ್ಲ.

ವರ್ಕರ್ ಎಷ್ಟು ಬೇಕು? ಇದನ್ನು ಊಹೆಗೆ ಬಿಡಬೇಡಿ, ಲೆಕ್ಕ ಹಾಕಿ. ಚೀಟಿಗೆ ಐದು ಸೆಕೆಂಡ್ ಅಂದರೆ ಒಂದು ವರ್ಕರ್ ನಿಮಿಷಕ್ಕೆ 12 ಮಾಡುತ್ತದೆ. ಸುಗ್ಗಿಯ 600 ಚೀಟಿ ಐದು ಗಂಟೆಯಲ್ಲಿ ಹರಡಿದರೆ ನಿಮಿಷಕ್ಕೆ ಎರಡು. ಅಂದರೆ ಒಂದೇ ವರ್ಕರ್‌ಗೆ ಕೈ ತುಂಬ ಬಿಡುವು. ನಮಗೆ ಹಿಂದೆ ತೊಂದರೆ ಆಗಿದ್ದು ಶಕ್ತಿ ಸಾಲದೆ ಅಲ್ಲ. ಎಲ್ಲವನ್ನೂ ಗುಡ್ಡೆ ಹಾಕಿ ಒಮ್ಮೆಲೇ ಸುರಿಯುತ್ತಿದ್ದೆವು, ಅದಕ್ಕೆ. ಆದರೆ ದರ ಗೊತ್ತಾದ ಮೇಲಿನ ಹತ್ತು ನಿಮಿಷ ನಿಮಿಷಕ್ಕೆ 20ರಂತೆ ಬರುತ್ತವೆ. 200 ಬಂದವು, ಒಂದು ವರ್ಕರ್ 120 ಮಾಡಿತು, 80 ಉಳಿದವು. ಕೊನೆಯವರು ಏಳು ನಿಮಿಷ ಕಾಯಬೇಕು. ಅಷ್ಟರಲ್ಲಿ ರೈತ ಕೌಂಟರ್ ಬಿಟ್ಟು ಮಂಡಕ್ಕಿ ಮೆಣಸಿನಕಾಯಿ ಅಂಗಡಿಗೆ ಹೋಗಿರುತ್ತಾನೆ. ಎರಡು ವರ್ಕರ್ ಆದರೆ ನಿಮಿಷಕ್ಕೆ 24. ಸಾಲೇ ಬೆಳೆಯುವುದಿಲ್ಲ. ಎರಡಕ್ಕೆ ನಿಲ್ಲಿಸಿದೆವು. ಎರಡನ್ನೂ ಸಿಸ್ಟಮ್‌ಡಿ ಸರ್ವಿಸ್ ಮಾಡಿ `Restart=always` ಕೊಟ್ಟಿದ್ದೇವೆ. ಸತ್ತರೆ ತಾನೇ ಎದ್ದೇಳುತ್ತದೆ.

ಒಂದು ಸಂದಿ ಮಾತ್ರ ಯಾವ ಕ್ಯೂನಲ್ಲೂ ಮುಚ್ಚುವುದಿಲ್ಲ. ಮೆಸೇಜ್ ಹೋಯಿತು, "ಕಳಿಸಿದೆ" ಅಂತ ಬರೆಯುವ ಮೊದಲು ವರ್ಕರ್ ಸತ್ತಿತು. ಸಾಲು `working` ಅಂತಲೇ ಉಳಿಯಿತು. ಹತ್ತು ನಿಮಿಷಕ್ಕಿಂತ ಹಳೆಯ `working` ಸಾಲುಗಳನ್ನು ನಾವು ವಾಪಸ್ `pending` ಮಾಡುತ್ತೇವೆ. ಆಗ ಆ ಒಬ್ಬರಿಗೆ ಎರಡು ಮೆಸೇಜ್ ಹೋಗುತ್ತದೆ. ವಾಪಸ್ ಮಾಡದಿದ್ದರೆ, ಕಳಿಸುವ ಮೊದಲೇ ಸತ್ತಿದ್ದ ಪಕ್ಷಕ್ಕೆ ಒಂದೂ ಹೋಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಲೆಕ್ಕದ ಮೆಸೇಜ್‌ಗೆ ಎರಡು ಸಲ ಹೋದರೂ ಪರವಾಗಿಲ್ಲ. ರೈತನ ಖಾತೆಗೆ ದುಡ್ಡು ಹಾಕುವ ಕೆಲಸ ಆಗಿದ್ದರೆ ಹಾಗೆ ಆಗಲೇಬಾರದು. ಅಲ್ಲಿ ಚೀಟಿಯ ನಂಬರನ್ನೇ ಗುರುತಾಗಿ ಕಳಿಸಬೇಕು. ಅದೇ ಗುರುತು ಎರಡನೇ ಸಲ ಬಂದರೆ ಆ ಕಡೆಯವರು ತಿರಸ್ಕರಿಸುವಂತಿರಬೇಕು. ಆ ಸೌಲಭ್ಯ ಇಲ್ಲದ ಕಡೆ ದುಡ್ಡಿನ ಕೆಲಸವನ್ನು ತಾನಾಗಿಯೇ ಮರುಪ್ರಯತ್ನಿಸುವ ಯಾವುದಕ್ಕೂ ನಾನು ಕೊಡುವುದಿಲ್ಲ.

ತಯಾರಾದ ಕ್ಯೂ ಯಾವಾಗ?

ಕೆಲಸದ ಬಗೆ ಮೂರು ನಾಲ್ಕಾದಾಗ, ಎರಡನೇ ಸರ್ವರ್ ಬಂದಾಗ, ಒಂದು ಮುಗಿದ ಮೇಲೆ ಇನ್ನೊಂದು ಅನ್ನುವ ಸರಪಳಿ ಬೇಕಾದಾಗ. ಆಗ ಕೈಯಲ್ಲಿ ಬರೆದ ಲೂಪ್ ಹಿಗ್ಗಿಸುವುದಕ್ಕಿಂತ ಸೆಲೆರಿ ಥರದ್ದು ಹಾಕುವುದು ಅಗ್ಗ. ಚಿತ್ರದುರ್ಗದ ಗೆಳೆಯರೊಬ್ಬರು ಟ್ಯೂಷನ್ ಕ್ಲಾಸ್‌ಗಳಿಗೆ ಸಾಫ್ಟ್‌ವೇರ್ ಮಾಡುತ್ತಾರೆ. ಉತ್ತರ ಪತ್ರಿಕೆ ಸ್ಕ್ಯಾನ್, ಅಂಕಪಟ್ಟಿ, ಮೆಸೇಜ್, ಫೀ ರಸೀದಿ ಎಲ್ಲ ಬೇರೆ ಬೇರೆ ಕೆಲಸ. ಅವರಿಗೆ ಅದೇ ಸರಿ.

ಆದರೆ ಅದು ತನ್ನದೇ ಗ್ರಹಚಾರಗಳ ಜೊತೆ ಬರುತ್ತದೆ. ಅವರು ಮೊದಲ ವಾರ ತಲೆ ಕೆಡಿಸಿಕೊಂಡಿದ್ದು "ಸಾಲು ಸಿಗಲಿಲ್ಲ" ಅನ್ನುವ ಎರರ್‌ಗೆ. ವೆಬ್ ಪೇಜ್ ರಸೀದಿಯನ್ನು ಡೇಟಾಬೇಸ್‌ಗೆ ಬರೆದು, ಕಮಿಟ್ ಆಗುವ ಮೊದಲೇ ಅದರ ಐಡಿಯನ್ನು ಕ್ಯೂಗೆ ಹಾಕುತ್ತಿತ್ತು. ವರ್ಕರ್ ಚುರುಕಾಗಿ ಓಡಿ ಬಂದು ಹುಡುಕಿದರೆ ರಸೀದಿ ಇನ್ನೂ ಕಾಣುವುದೇ ಇಲ್ಲ. ಹತ್ತರಲ್ಲಿ ಒಂದು ಸಲ ಹೀಗೆ ಆಗುತ್ತಿತ್ತು, ಹಿಡಿಯಲು ಕಷ್ಟ. ಜಾಂಗೋದಲ್ಲಿ `transaction.on_commit` ಒಳಗಿಂದ ಕ್ಯೂಗೆ ಹಾಕಿದರೆ ಇದು ನಿಲ್ಲುತ್ತದೆ. ಚೀಟಿಯ ಟೇಬಲ್ಲೇ ಕ್ಯೂ ಆಗಿರುವ ನಮ್ಮಲ್ಲಿ ಈ ತಾಪತ್ರಯ ಹುಟ್ಟುವುದೇ ಇಲ್ಲ. ಕಮಿಟ್ ಆಗದ ಚೀಟಿ ಸಾಲಿನಲ್ಲೂ ಇರುವುದಿಲ್ಲ.

ಇನ್ನೊಂದು ಮರೆಯಬಾರದ್ದು. ಸೆಲೆರಿ ತಾನಾಗಿ ಬಂದ ಹಾಗೆ ಬಿಟ್ಟರೆ ಕೆಲಸ ಶುರು ಮಾಡುವ ಮೊದಲೇ "ತಲುಪಿತು" ಅಂತ ಒಪ್ಪಿಕೊಂಡುಬಿಡುತ್ತದೆ. ಅರ್ಧದಲ್ಲಿ ಕರೆಂಟ್ ಹೋದರೆ ಆ ಕೆಲಸ ಕಳೆದುಹೋಯಿತು. ಮುಗಿದ ಮೇಲೆ ಒಪ್ಪಿಕೊಳ್ಳಬೇಕು ಅಂದರೆ `acks_late` ಹಾಕಬೇಕು. ಆಗ ಎರಡು ಸಲ ಆಗುವ ಸಾಧ್ಯತೆಗೆ ತಯಾರಿರಬೇಕು. ರೆಡಿಸ್ ಮೇಲೆ ಓಡಿಸುವಾಗ, ಒಪ್ಪಿಗೆ ಬರದ ಕೆಲಸವನ್ನು ಒಂದು ಗಂಟೆ ಕಾದು ಇನ್ನೊಂದು ವರ್ಕರ್‌ಗೆ ಕೊಟ್ಟುಬಿಡುತ್ತದೆ. ಒಂದು ಗಂಟೆಗಿಂತ ಜಾಸ್ತಿ ಹಿಡಿಯುವ ಕೆಲಸ ಇದ್ದರೆ, ಮೊದಲನೆಯದು ಇನ್ನೂ ಓಡುತ್ತಿರುವಾಗಲೇ ಎರಡನೆಯದು ಶುರು. ನಮ್ಮ ಮೂರು ಮೆಸೇಜಿನ ಕಥೆಯೇ ಬೇರೆ ವೇಷದಲ್ಲಿ. ಆ ಅವಧಿಯನ್ನು `visibility_timeout` ಅನ್ನುವ ಸೆಟ್ಟಿಂಗ್‌ನಲ್ಲಿ ಹೆಚ್ಚಿಸಬಹುದು.

ವರ್ಕರ್ ಯಾವುದೇ ಇರಲಿ, ಹೊಸ ಕೋಡ್ ಹಾಕಿದ ಮೇಲೆ ಅದನ್ನು ರೀಸ್ಟಾರ್ಟ್ ಮಾಡಬೇಕು. ಕ್ರಾನ್ ಪ್ರತಿ ಸಲ ಸ್ಕ್ರಿಪ್ಟನ್ನು ಹೊಸದಾಗಿ ಓದುತ್ತದೆ, ಅದಕ್ಕೆ ಅಭ್ಯಾಸ ಆದವರು ಇಲ್ಲಿ ಏಮಾರುತ್ತಾರೆ. ಹಮಾಲಿ ದರ ಬದಲಾಯಿಸಿ ಕೋಡ್ ಹಾಕಿದೆ. ಪರದೆಯಲ್ಲಿ ಹೊಸ ದರ, ಮೆಸೇಜಿನ ಪಿಡಿಎಫ್‌ನಲ್ಲಿ ಹಳೇ ದರ. ಮೂರು ದಿನದಿಂದ ಓಡುತ್ತಿದ್ದ ವರ್ಕರ್ ಮೆಮೊರಿಯಲ್ಲಿ ಹಳೇ ಕೋಡ್ ಹಿಡಿದುಕೊಂಡೇ ಕೂತಿತ್ತು. ಈಗ ಡಿಪ್ಲಾಯ್ ಸ್ಕ್ರಿಪ್ಟ್‌ನ ಕೊನೆಯ ಸಾಲೇ `systemctl restart`.

ಈಗ ಏನಿದೆ

ನಮ್ಮ `crontab -l` ಕೊಟ್ಟರೆ ಈಗ ಮೂರು ಸಾಲು ಕಾಣುತ್ತವೆ. ರಾತ್ರಿ ಬ್ಯಾಕಪ್. ಒಂದನೇ ತಾರೀಕಿನ ತಿಂಗಳ ಲೆಕ್ಕ. ಇದು ತಾನೇ ಏನೂ ಮಾಡುವುದಿಲ್ಲ, ಪ್ರತಿ ರೈತನ ಹೆಸರಿಗೆ ಒಂದೊಂದು ಸಾಲನ್ನು ಟೇಬಲ್‌ಗೆ ಹಾಕಿ ಎರಡು ಸೆಕೆಂಡ್‌ನಲ್ಲಿ ಮುಗಿಯುತ್ತದೆ. ಮಾಡುವುದು ವರ್ಕರ್. ಹೊತ್ತು ನೋಡುವುದು ಕ್ರಾನ್‌ಗೆ, ಹೊರೆ ಹೊರುವುದು ಕ್ಯೂಗೆ. ಕ್ರಾನೋ ಕ್ಯೂನೋ ಅಂತ ಜಗಳ ಬಂದ ಕಡೆಯೆಲ್ಲ ನಾನು ಹೀಗೇ ಹಂಚುತ್ತೇನೆ.

ಮೂರನೇ ಸಾಲು ಕ್ಯೂವನ್ನು ಕಾಯುತ್ತದೆ:

```
*/5 * * * * /home/mandi/bin/check_queue.sh
```

ಅದು ಕೇಳುವುದು ಒಂದೇ: `pending` ಇರುವ, ಹೊತ್ತಾಗಿರುವ ಸಾಲುಗಳಲ್ಲಿ ಅತಿ ಹಳೆಯದಕ್ಕೆ ಎಷ್ಟು ನಿಮಿಷ ಆಯಿತು? ಸಾಲಿನ ಉದ್ದ ನೋಡುವುದಕ್ಕಿಂತ ಇದು ಒಳ್ಳೆಯದು. ಸುಗ್ಗಿಯಲ್ಲಿ 80 ಇದ್ದರೂ ಸರಿಯೇ ಇರಬಹುದು, ಭಾನುವಾರ ಎರಡೇ ಇದ್ದು ವರ್ಕರ್ ಸತ್ತಿರಬಹುದು. ಹತ್ತು ನಿಮಿಷ ದಾಟಿದರೆ ನನಗೆ ಮೆಸೇಜ್ ಬರುತ್ತದೆ. ಮೊದಲ ಸಲ ಇದನ್ನು ಬರೆದಾಗ ಆ ಎಚ್ಚರಿಕೆಯ ಮೆಸೇಜನ್ನೂ ಎಲ್ಲ ಮೆಸೇಜಿನ ಹಾಗೆ `slips` ಸಾಲಿಗೇ ಹಾಕಿದ್ದೆ. ವರ್ಕರ್ ಸತ್ತ ದಿನ ಎಚ್ಚರಿಕೆ ಬರಲಿಲ್ಲ. ಆಮೇಲೆ ವರ್ಕರ್ ಎಬ್ಬಿಸಿದಾಗ ಹತ್ತೊಂಬತ್ತು ಎಚ್ಚರಿಕೆಗಳು ಒಟ್ಟಿಗೆ ಬಂದವು. ಈಗ ಆ ಸ್ಕ್ರಿಪ್ಟ್ ಗೇಟ್‌ವೇಯನ್ನು ನೇರವಾಗಿ ಕರೆಯುತ್ತದೆ.